ಕರಾರು ಅಂದ್ರೆ ಅರಬ್ಬಿಯಲ್ಲಿ ಕರಾರಲ್ಲ: ತಂಗಡಗಿ ಗೌಂಡಿಯ ಆಫರ್ ಲೆಟರ್

ಇವತ್ತಿನ ಮಾತು ಒಂದು ಫೋಟೋದ ಬಗ್ಗೆ. ವಾಟ್ಸಾಪ್‌ನಲ್ಲಿ ಬಂದ ಒಂದು ಆಫರ್ ಲೆಟರ್ ಫೋಟೋ. ನಡುವೆ ಮಡಿಕೆ ಗೆರೆ, ಒಂದು ಮೂಲೆಗೆ ಯಾರದೋ ಹೆಬ್ಬೆಟ್ಟು, ಕೆಳಗೆ ಅರ್ಧ ಕಾಣುವ ನೀಲಿ ಸೀಲು. ಇಂಥ ಫೋಟೋ ನಿಮ್ಮ ಫೋನ್‌ನಲ್ಲೋ ನಿಮ್ಮ ಅಣ್ಣತಮ್ಮಂದಿರ ಫೋನ್‌ನಲ್ಲೋ ಇದ್ದರೂ ಇರಬಹುದು.

ನಾನು ಮುದ್ದೇಬಿಹಾಳ ಕಡೆಯವನು. ಸೌದಿಯ ಜುಬೈಲ್‌ನಲ್ಲಿ ಒಂದು ಕಂತ್ರಾಟು ಕಂಪನಿಯ ಆಫೀಸಿನಲ್ಲಿ ಹಾಜರಿ ಬರೆಯೋ ಕೆಲಸದಲ್ಲಿದ್ದೆ. ಗಂಟೆ ಲೆಕ್ಕ, ಓವರ್‌ಟೈಮ್ ಲೆಕ್ಕ, ಹೊಸದಾಗಿ ಬಂದವರ ಕಾಗದ ತೆಗೆದಿಡೋದು, ಎಲ್ಲ ನನ್ನ ಮೇಜಿನ ಮೇಲೇ ಆಗ್ತಿತ್ತು. ಅದಕ್ಕೇ ಊರಿಗೆ ಬಂದ ಮೇಲೂ ಜನ ಫೋನ್ ಹಿಡ್ಕೊಂಡು ಬರ್ತಾರೆ. ಈ ಸಲ ಬಂದವನು ತಂಗಡಗಿಯ ಗೌಂಡಿ. ಕೃಷ್ಣಾ ದಂಡೆಯ ಊರು, ನೀಲಮ್ಮನ ಗುಡಿ ಇರೋ ತಂಗಡಗಿ, ನಿಮಗೆ ಗೊತ್ತಿರುತ್ತೆ. ನಮ್ಮ ಕಡೆಯಿಂದ ಗೋವಾಕ್ಕೆ, ಪುಣೆಗೆ ಗುಳೆ ಹೋಗೋದು ಹೊಸದಲ್ಲ. ಇವನೂ ಗೋವಾದಲ್ಲೇ ಇಟ್ಟಂಗಿ ಕಟ್ಟೋದು, ಗಿಲಾವು ಮಾಡೋದು ಕಲಿತವನು. ಈಗ ಮುಂಬೈ ಏಜೆಂಟ್ ಮೂಲಕ ಸೌದಿಗೆ ಹೊರಟಿದ್ದಾನೆ. ಅವನ ಹೆಸರು, ಕಂಪನಿ ಹೆಸರು ಹೇಳೋದಿಲ್ಲ. ಬೇಕಾಗಿರೋದು ಕಾಗದ.

‘ಅಣ್ಣಾ, ಇದನ್ನ ಅರಬ್ಬಿಗೆ ಮಾಡ್ಸೀನ್ರಿ, ಬರೋಬ್ಬರಿ ಐತೇನು ನೋಡ್ರಿ’ ಅಂತ ಎರಡು ಫೋಟೋ ತೋರಿಸಿದ. ಒಂದು ಇಂಗ್ಲಿಷ್ ಲೆಟರ್. ಇನ್ನೊಂದು ಅದರ ಅರಬ್ಬಿ, ಟೈಪಿಂಗ್ ಅಂಗಡಿಯೊಂದರಲ್ಲಿ ಮಾಡಿಸಿದ್ದು.

ಮೊದಲು ನಾನೇ ಕೇಳಿದೆ, ಅರಬ್ಬಿ ಯಾಕ ಬೇಕು ಅಂತ. ಅದೇ ಕಂಪನಿಯಲ್ಲಿ ತಾಳಿಕೋಟಿ ಕಡೆಯ ಒಬ್ಬ ಫೋರ್‌ಮನ್ ಇದ್ದಾನಂತೆ. ‘ನಮ್ಮ ಮುದೀರ್ ಅರಬ್ಬಿ ಬಿಟ್ಟು ಏನೂ ಓದಂಗಿಲ್ಲ, ಅರಬ್ಬಿಯಾಗ ಕಳಸು, ಸಹಿ ಸೀಲು ಮಾಡ್ಸಿ ಕಳಸ್ತೀನಿ’ ಅಂದನಂತೆ. ಮುದೀರ್ ಅಂದ್ರೆ ಮ್ಯಾನೇಜರ್. ಫೋರ್‌ಮನ್ ಹೇಳಿದ್ದು ಸರಿಯಾದ ಮಾತು. ಸೌದಿ ಕಾರ್ಮಿಕ ಕಾನೂನಿನ 9ನೇ ವಿಧಿ ಏನು ಹೇಳುತ್ತೆ ಅಂದ್ರೆ, ಕೆಲಸದ ಕರಾರು ಅರಬ್ಬಿಯಲ್ಲಿರಬೇಕು. ಜತೆಗೆ ಬೇರೆ ಭಾಷೆಯೂ ಇದ್ದರೆ ಎರಡರ ನಡುವೆ ವ್ಯತ್ಯಾಸ ಬಂದಾಗ ಅರಬ್ಬಿಯದ್ದೇ ಅಂತಿಮ. ಅಂದ್ರೆ ಇಂಗ್ಲಿಷ್ ಲೆಟರ್‌ನಲ್ಲಿ ಏನೇ ಇರಲಿ, ಅರಬ್ಬಿ ಕಾಗದದಲ್ಲಿ ಬೇರೆ ಇದ್ದರೆ ನೀವು ಸೋತ ಹಾಗೆ. ಯುಎಇಯಲ್ಲಿ 2016ರಿಂದ ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜತೆಗೆ ಕೆಲಸಗಾರನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುವ ಪದ್ಧತಿ ಬಂತು. ಆ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು ಇದ್ದವು. ಕನ್ನಡ ಇರಲಿಲ್ಲ. ಹಾಗಾಗಿ ನಮ್ಮ ಹುಡುಗರಿಗೆ ಈ ಕೆಲಸ ತಮ್ಮ ತಮ್ಮಲ್ಲೇ ಮಾಡ್ಕೊಳ್ಳೋ ಪಾಡು.

ಈಗ ಫೋಟೋಕ್ಕೆ ಬರೋಣ. ಇಂಗ್ಲಿಷ್ ಲೆಟರ್‌ನಲ್ಲಿ ಇದ್ದದ್ದು ಇಷ್ಟೇ. ಹುದ್ದೆ: ಮೇಸನ್. ಸಂಬಳ: 1200 ರಿಯಾಲ್ + ಫುಡ್ + ಅಕಾಮಡೇಶನ್. ಡ್ಯೂಟಿ: 8+2. ಕರಾರು: ಎರಡು ವರ್ಷ. ನಾಲ್ಕೇ ಸಾಲು. ಆದರೆ ಅಂಗಡಿಯ ಅರಬ್ಬಿಯಲ್ಲಿ ಈ ನಾಲ್ಕರಲ್ಲಿ ಮೂರು ಸಾಲು ಬೇರೆ ಅರ್ಥಕ್ಕೆ ಹೋಗಿದ್ದವು. ಒಂದೊಂದಾಗಿ ಹೇಳ್ತೀನಿ.

ಅದಕ್ಕೂ ಮುಂಚೆ ಒಂದು ಮಾತು. ಫೋಟೋದಿಂದ ನೇರವಾಗಿ ಅನುವಾದ ಮಾಡಬೇಡಿ. ಮೊದಲು ಲೆಟರನ್ನು ನೋಟ್‌ಬುಕ್‌ನಲ್ಲಿ ಸಾಲು ಸಾಲಾಗಿ ಇಳಿಸಿ. ಕಾಣದ ಕಡೆ ಊಹೆ ಬರೆಯದೆ ಪ್ರಶ್ನೆ ಚಿಹ್ನೆ ಹಾಕಿ. ಇವನ ಫೋಟೋದಲ್ಲಿ ಮಡಿಕೆ ಗೆರೆ ಸರಿಯಾಗಿ ಸಂಬಳದ ಸಾಲಿನ ಮೇಲೇ ಹೋಗಿತ್ತು. ಅದು 1200 ಇರಬಹುದು, 1700ನೂ ಇರಬಹುದು. ಏಜೆಂಟ್ ಹತ್ತಿರ ಮತ್ತೆ ಕೇಳಿಸಿದೆ. ಕಾಗದ ಬಿಡಿಸಿ, ಮೇಲಿನಿಂದ ನೇರವಾಗಿ, ನಾಲ್ಕೂ ಮೂಲೆ ಬರುವ ಹಾಗೆ ತೆಗೆದು, ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸ್ರಿ ಅಂದೆ. ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನ ಹಿಂಡಿ ಸಣ್ಣದು ಮಾಡುತ್ತೆ, ಸಣ್ಣ ಅಕ್ಷರ ಕಲಸಿ ಹೋಗುತ್ತೆ. ಎರಡನೇ ಪ್ರತಿ ಬಂದ ಮೇಲೆ 1200 ಅಂತ ಖಾತ್ರಿಯಾಯ್ತು. ಹಿಂದಿನ ಪುಟ ಇದೆಯಾ ಅಂತಲೂ ಕೇಳಿ. ಷರತ್ತುಗಳು ಹೆಚ್ಚಾಗಿ ಹಿಂದಿನ ಪುಟದಲ್ಲೇ ಅಡಗಿ ಕೂತಿರ್ತವೆ.

ಈಗ ಹುದ್ದೆಯ ಸಾಲು. ಅಂಗಡಿಯವರು ಬರೆದದ್ದು ‘ಆಮಿಲ್ ಬಿನಾ’ ಅಂತ. ಬಿನಾ ಅಂದ್ರೆ ಕಟ್ಟಡ ಕೆಲಸ, ಆಮಿಲ್ ಅಂದ್ರೆ ಕೆಲಸಗಾರ. ಎರಡೂ ಕೂಡಿದರೆ ಕಟ್ಟಡದ ಕೂಲಿ, ಗೋವಾದವರ ಮಾತಲ್ಲಿ ಬಿಗಾರಿ. ಗೌಂಡಿಗೆ ಅರಬ್ಬಿಯಲ್ಲಿ ‘ಬನ್ನಾ’ ಅನ್ನಬೇಕು. ತಮಾಷೆ ಏನಂದ್ರೆ ಬಿನಾ, ಬನ್ನಾ ಎರಡನ್ನೂ ಅರಬ್ಬಿಯಲ್ಲಿ ಒಂದೇ ಅಕ್ಷರಗಳಲ್ಲಿ ಬರೀತಾರೆ. ನಮ್ಮಲ್ಲಿ ಒತ್ತಕ್ಷರ ಬಿಟ್ಟರೆ ಅದು ತಪ್ಪು ಕಾಗುಣಿತ, ಮಗ್ಗಿ ಓದೋ ಹುಡುಗನೂ ಹಿಡೀತಾನೆ. ಅರಬ್ಬಿಯಲ್ಲಿ ಹಾಗಲ್ಲ. ಒತ್ತನ್ನು ತೋರಿಸೋಕೆ ಅಕ್ಷರದ ತಲೆ ಮೇಲೆ ಒಂದು ಪುಟ್ಟ ಗುರುತು ಹಾಕ್ತಾರೆ, ಅದಕ್ಕೆ ‘ಶದ್ದಾ’ ಅಂತಾರೆ. ಓದೋರಿಗೆ ಗೊತ್ತಿರುತ್ತೆ ಅಂತ ಅದನ್ನ ಎಷ್ಟೋ ಸಲ ಬಿಟ್ಟುಬಿಡ್ತಾರೆ. ಕಥೆ ಪುಸ್ತಕದಲ್ಲಿ ಬಿಟ್ಟರೆ ನಡೆಯುತ್ತೆ, ಹುದ್ದೆಯ ಹೆಸರಲ್ಲಿ ಬಿಟ್ಟರೆ ಗೌಂಡಿ ಬಿಗಾರಿ ಆಗೋದಕ್ಕೆ ದಾರಿ ಆಗುತ್ತೆ. ಅದಕ್ಕೇ ಆ ಗುರುತು ಹಾಕಲೇಬೇಕು, ಹಿಂದೆ ‘ಆಮಿಲ್’ ಸೇರಿಸಬಾರದು, ಪಕ್ಕದಲ್ಲಿ ಬ್ರ್ಯಾಕೆಟ್ ಹಾಕಿ ಇಂಗ್ಲಿಷ್ ಹುದ್ದೆಯ ಹೆಸರನ್ನೂ ಇಡಬೇಕು.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಸೌದಿ ಕಾನೂನಿನ 38ನೇ ವಿಧಿ ಪ್ರಕಾರ ವರ್ಕ್ ಪರ್ಮಿಟ್‌ನಲ್ಲಿ ಯಾವ ಹುದ್ದೆ ಇದೆಯೋ ಅದೇ ಕೆಲಸ ಮಾಡಿಸಬೇಕು. ವೀಸಾ ಕಾಗದದಲ್ಲಿ ‘ಮಿಹ್ನಾ’ ಅಂತ ಇದ್ದರೆ ಅದೇ ಹುದ್ದೆಯ ಜಾಗ. ಲೆಟರ್, ಅರಬ್ಬಿ ಪ್ರತಿ, ವೀಸಾ, ಮೂರರಲ್ಲೂ ಆ ಪದ ಒಂದೇ ಇದೆಯಾ ನೋಡಬೇಕು. ಡ್ರೈವರ್ ಕೆಲಸಕ್ಕೆ ಹೋಗೋರಿಗಂತೂ ಇದು ಇನ್ನೂ ಗಂಭೀರ. ‘ಸಾಯಿಕ್’ ಅಂದ್ರೆ ಡ್ರೈವರ್. ‘ಸಾಯಿಕ್ ಖಾಸ್’ ಅಂದ್ರೆ ಮನೆಯ ಡ್ರೈವರ್. ಎರಡನೆಯವನನ್ನು ಮನೆಗೆಲಸದವರ ಜತೆ ಎಣಿಸ್ತಾರೆ. ಕಾರ್ಮಿಕ ಕಾನೂನು ಅವನಿಗೆ ಅನ್ವಯಿಸೋದಿಲ್ಲ, ಬೇರೆಯೇ ನಿಯಮ. ‘ಖಾಸ್’ ಅನ್ನೋ ಒಂದು ಪದ ನಿಮ್ಮನ್ನ ಒಂದು ಕಾನೂನಿನಿಂದ ಎತ್ತಿ ಇನ್ನೊಂದರಲ್ಲಿ ಇಡುತ್ತೆ.

ಎರಡನೇ ಸಾಲು, ಸಂಬಳ. ಇಂಗ್ಲಿಷ್‌ನಲ್ಲಿ 1200 + ಫುಡ್ + ಅಕಾಮಡೇಶನ್ ಅಂತಿತ್ತು. ಅಂಗಡಿಯವರು ‘1200 ರಿಯಾಲ್, ಶಾಮಿಲ್ ತಆಮ್ ವ ಸಕನ್’ ಅಂತ ಬರೆದಿದ್ದರು. ಶಾಮಿಲ್ ಅನ್ನೋ ಪದ ನಮಗೂ ಗೊತ್ತು. ‘ಹಗರಣದಲ್ಲಿ ಅವರೂ ಶಾಮೀಲು’ ಅಂತ ಪೇಪರ್‌ನಲ್ಲಿ ಓದ್ತೀವಲ್ಲ, ಅದೇ. ಒಳಗೆ ಸೇರಿದೆ ಅಂತ ಅರ್ಥ. ಅಂದ್ರೆ ಊಟ, ವಸತಿ ಎಲ್ಲ ಆ 1200ರ ಒಳಗೇ ಬಂತು. ಊಟದ ಖರ್ಚು ಅಂತ ತಿಂಗಳಿಗೆ ಇಷ್ಟು ಮುರಿದರೂ ಕೇಳೋ ಹಾಗಿಲ್ಲ. ಕೂಡುವ ಚಿಹ್ನೆಯನ್ನು ಒಳಗೆ ಹಾಕಿಬಿಟ್ಟಿದ್ದರು. ಅಲ್ಲಿ ಬರಬೇಕಾದದ್ದು ‘ಬಿಲ್ ಇದಾಫಾ ಇಲಾ’, ಅಂದ್ರೆ ‘ಇದರ ಜತೆಗೆ ಹೆಚ್ಚುವರಿಯಾಗಿ’.

ಆದರೆ ಅಷ್ಟಕ್ಕೇ ಮುಗಿಯೋದಿಲ್ಲ. + ಫುಡ್ ಅಂದ್ರೆ ಏನು? ಕಂಪನಿ ಮೆಸ್‌ನಲ್ಲಿ ಊಟವಾ, ಕೈಗೆ ದುಡ್ಡಾ? ಇಂಗ್ಲಿಷ್ ಲೆಟರೇ ಹೇಳಿಲ್ಲ. ಅನುವಾದ ಮಾಡೋನು ಇಲ್ಲಿ ತಾನೇ ತೀರ್ಮಾನ ಮಾಡಬಾರದು. ಖಾಲಿ ಬಿಟ್ಟು ಕಂಪನಿಗೆ ಕೇಳಬೇಕು. ದುಡ್ಡು ಕೊಡೋದಾದರೆ ಅದಕ್ಕೆ ‘ಬದಲ್ ತಆಮ್’ ಅಂತಾರೆ, ಊಟದ ಭತ್ಯೆ. ನಮ್ಮ ಬದಲಿ ಅನ್ನೋ ಪದವೇ ಅದು, ಊಟದ ಬದಲಿಗೆ ದುಡ್ಡು. ಊಟವನ್ನೇ ಕೊಡೋದಾದರೆ ಬರೆಯೋ ರೀತಿಯೇ ಬೇರೆ. ಮೂಲ ಸಂಬಳಕ್ಕೆ ‘ರಾತಿಬ್ ಅಸಾಸಿ’ ಅಂತ ಪ್ರತ್ಯೇಕ ಸಾಲು ಇರಲೇಬೇಕು. ಯಾಕಂದ್ರೆ ಓವರ್‌ಟೈಮ್ ಲೆಕ್ಕದಲ್ಲಿ ಅದೇ ಅಂಕಿ ಬರುತ್ತೆ.

ಈ ಪದಗಳ ವಿಚಾರ ಬಂದಾಗ ಒಂದು ಎಚ್ಚರಿಕೆ. ನಮ್ಮ ಕನ್ನಡದಲ್ಲಿ ಅರಬ್ಬಿಯಿಂದ ಬಂದ ಪದ ತುಂಬಾ ಇವೆ, ನಮ್ಮ ಆದಿಲ್‌ಶಾಹಿ ಸೀಮೆಯಲ್ಲಂತೂ ಕೇಳೋದೇ ಬೇಡ. ತಾರೀಖು, ತರ್ಜುಮೆ, ಮುದ್ದತ್ತು, ಇವು ಅಲ್ಲೂ ಅದೇ ಅರ್ಥ. ಕರಾರಿನ ಅವಧಿಗೆ ಅಲ್ಲೂ ‘ಮುದ್ದತ್’ ಅಂತಲೇ ಅನ್ನೋದು. ಆದರೆ ಕರಾರು ಮಾತ್ರ ಕೈ ಕೊಡುತ್ತೆ. ಅರಬ್ಬಿಯಲ್ಲಿ ‘ಕರಾರ್’ ಅಂದ್ರೆ ತೀರ್ಮಾನ, ಆದೇಶ. ಕೆಲಸದ ಒಪ್ಪಂದಕ್ಕೆ ‘ಅಕ್ದ್ ಅಮಲ್’ ಅಂತಾರೆ. ಆಫರ್ ಲೆಟರ್‌ಗೆ ‘ಅರ್ದ್ ಅಮಲ್’. ಈ ಅರ್ದ್ ಪದದಿಂದಲೇ ನಮ್ಮ ಅರ್ಜಿ ಬಂದದ್ದು. ತಲೆಬರಹ ಹಾಕುವಾಗ ಎರಡನ್ನು ಅದಲು ಬದಲು ಮಾಡಬಾರದು. ಆಫರ್ ಇನ್ನೂ ಪ್ರಸ್ತಾವ, ಅಕ್ದ್ ಆದರೆ ಕಟ್ಟು ಬಿದ್ದಿತು. ಇನ್ನೊಂದು, ಸೌದಿಯಲ್ಲಿ ಕಾನೂನಿಗೆ ‘ನಿಜಾಮ್’ ಅಂತಾರೆ. ‘ನಿಜಾಮ್ ಅಲ್ ಅಮಲ್ ಪ್ರಕಾರ’ ಅಂತ ಇದ್ದರೆ ಹೈದರಾಬಾದ್ ನೆನಪು ಮಾಡ್ಕೊಬೇಡಿ, ಅದು ಕಾರ್ಮಿಕ ಕಾನೂನು. ಉರ್ದು ಬಲ್ಲವರು, ಕುರಾನ್ ಓದಬಲ್ಲವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಕ್ಷರ ಓದಿಸೋಕೆ ಅವರ ಸಹಾಯ ದೊಡ್ಡದು. ಆದರೆ ಆಫೀಸಿನ ಅರಬ್ಬಿಯ ಪದಗಳು ಬೇರೆ ಅನ್ನೋದು ನೆನಪಿರಲಿ.

ಮೂರನೇ ಸಾಲು, 8+2. ದುಡ್ಡಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಹೊಡೆತ ಇದರಲ್ಲೇ ಇತ್ತು. ಅಂಗಡಿಯವರು ಎರಡನ್ನೂ ಕೂಡಿಸಿ ‘ದಿನಕ್ಕೆ ಹತ್ತು ಗಂಟೆ ಕೆಲಸ’ ಅಂತ ಬರೆದಿದ್ದರು. ಗಲ್ಫ್ ಲೆಟರ್‌ಗಳಲ್ಲಿ 8+2 ಅಂದ್ರೆ ಎಂಟು ಗಂಟೆ ಡ್ಯೂಟಿ, ಎರಡು ಗಂಟೆ ಓವರ್‌ಟೈಮ್. ಸೌದಿ ಕಾನೂನಿನಲ್ಲಿ ಸಾಮಾನ್ಯ ಕೆಲಸ ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚಾದ ಪ್ರತಿ ಗಂಟೆಗೆ ಆ ಗಂಟೆಯ ಕೂಲಿ ಮತ್ತು ಮೂಲ ಸಂಬಳದ ಅರ್ಧ ಪಾಲು ಹೆಚ್ಚುವರಿ ಸಿಗಬೇಕು.

ಲೆಕ್ಕ ಹಾಕೋಣ. 1200ನ್ನು 30 ದಿನಕ್ಕೆ ಭಾಗಿಸಿದರೆ ದಿನಕ್ಕೆ 40 ರಿಯಾಲ್. ಅದನ್ನು 8 ಗಂಟೆಗೆ ಭಾಗಿಸಿದರೆ ಗಂಟೆಗೆ 5. ಅರ್ಧ ಸೇರಿಸಿದರೆ ಓವರ್‌ಟೈಮ್ ಗಂಟೆಗೆ ಏಳೂವರೆ. ದಿನಕ್ಕೆ 2 ಗಂಟೆ, ತಿಂಗಳಿಗೆ 26 ದಿನ, ಒಟ್ಟು 52 ಗಂಟೆ. 52 ಸಲ ಏಳೂವರೆ ಅಂದ್ರೆ 390 ರಿಯಾಲ್. ಬರೀ ಮೂಲ ಸಂಬಳದ ಮೇಲೆ ಹಾಕಿದ ಲೆಕ್ಕ ಇದು. ‘ಹತ್ತು ಗಂಟೆ ಕೆಲಸ, 1200 ರಿಯಾಲ್’ ಅಂತ ಅರಬ್ಬಿಯಲ್ಲಿ ಸಹಿ ಬಿದ್ದರೆ ತಿಂಗಳಿಗೆ ಈ 390ಕ್ಕೆ ಜಗಳ ಆಡಬೇಕಾಗುತ್ತೆ. ಎರಡು ವರ್ಷಕ್ಕೆ 9,360 ರಿಯಾಲ್. ಅವನ ಮುಂದೆ ಕ್ಯಾಲ್ಕುಲೇಟರ್ ಹಿಡಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಒಂದ ಸಾಲಿನಾಗ ಇಷ್ಟು ಹೋಗತೈತೇನ್ರಿ’ ಅಂದ. ಅವರ ಮನೆಯವರು ಏಜೆಂಟ್‌ಗೆ ಕೊಡೋಕೆ ಸಾಲ ತಂದಿದ್ದರು.

ಆದರೆ 8+2 ಅಂತ ಅರಬ್ಬಿ ಸಾಲಿನಲ್ಲಿ ಅಂಕಿಯನ್ನೇ ಟೈಪ್ ಮಾಡಿದರೂ ಒಂದು ತೊಡಕಿದೆ. ಅರಬ್ಬಿ ಬಲದಿಂದ ಎಡಕ್ಕೆ ಹೋಗುತ್ತೆ, ಅಂಕಿ ಮಾತ್ರ ಎಡದಿಂದ ಬಲಕ್ಕೆ. ಅರಬ್ಬಿ ಅಕ್ಷರದ ನಂತರ 8+2 ಟೈಪ್ ಮಾಡಿದರೆ ಪರದೆ ಮೇಲೆ 2+8 ಆಗಿ ಕೂರುತ್ತೆ. ನಡುಗೆರೆ ಹಾಕಿ ಬರೆದ ತಾರೀಖೂ ಹಾಗೇ ತಿರುಗುತ್ತೆ. ಅರಬ್ಬರಿಗೆ ಅದು ಸರಿಯಾಗೇ ಕಾಣಬಹುದು, ಪಕ್ಕದಲ್ಲಿ ಕೂತು ತಾಳೆ ನೋಡೋ ನಮಗೆ ತಲೆ ಕೆಡುತ್ತೆ. ಅದಕ್ಕೆ ಅಕ್ಷರದಲ್ಲೇ ಬರೆದುಬಿಡಬೇಕು. ‘ಎಂಟು ಗಂಟೆ ಕೆಲಸ’ ಒಂದು ಸಾಲು, ‘ಎರಡು ಗಂಟೆ ಸಾಆತ್ ಇದಾಫಿಯ್ಯಾ, ಅದರ ಕೂಲಿ ನಿಜಾಮ್ ಅಲ್ ಅಮಲ್ ಪ್ರಕಾರ’ ಇನ್ನೊಂದು ಸಾಲು. ಸಾಆತ್ ಇದಾಫಿಯ್ಯಾ ಅಂದ್ರೆ ಹೆಚ್ಚುವರಿ ಗಂಟೆಗಳು.

ಸಂಬಳದ ಅಂಕಿಗೂ ಇದೇ ಮಾತು. ಅರಬ್ಬರು ಬಳಸೋ ಅಂಕಿಗಳ ರೂಪ ಬೇರೆ. ಅವರ ಐದು ನಮ್ಮ ಕನ್ನಡದ ಸೊನ್ನೆ ಥರ ದುಂಡಗೆ ಇರುತ್ತೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಅವರ ಆರು ಇಂಗ್ಲಿಷ್ ಏಳಿನ ಹಾಗೆ. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ. ಕಲಸಿಹೋದ ಫೋಟೋದಲ್ಲಿ 1200ರ ಎರಡು ಚುಕ್ಕೆ ಧೂಳಿನ ಹಾಗೆ ಕಾಣುತ್ತೆ. ಹಾಗಾಗಿ ಅಂಕಿಯ ಪಕ್ಕ ಅಕ್ಷರದಲ್ಲೂ ಬರೆಸಿ. ನಮ್ಮ ಚೆಕ್‌ನಲ್ಲಿ ‘ಮಾತ್ರ’ ಅಂತ ಹಾಕ್ತೀವಲ್ಲ, ಅವರೂ ಮೊತ್ತದ ಮುಂದೆ ‘ಫಕತ್’, ಕೊನೆಗೆ ‘ಲಾ ಗೈರ್’ ಅಂತ ಹಾಕ್ತಾರೆ. ಇಷ್ಟೇ, ಬೇರೆ ಇಲ್ಲ ಅಂತ. ಅದನ್ನೂ ಹಾಕಿಸಿ. ಕುವೈತ್, ಬಹ್ರೇನ್, ಒಮಾನ್‌ಗೆ ಹೋಗೋರು ಇನ್ನೊಂದು ಗಮನಿಸಿ. ಅಲ್ಲಿನ ದಿನಾರ್, ರಿಯಾಲ್‌ಗೆ ಸಾವಿರ ಚಿಲ್ಲರೆ ಭಾಗ. ಅದಕ್ಕೆ ಚುಕ್ಕೆಯ ನಂತರ ಮೂರು ಅಂಕಿ ಬರ್ತವೆ. ಕುವೈತ್ ಲೆಟರ್‌ನಲ್ಲಿ 120.500 ಅಂತ ಇದ್ದರೆ ಅದು ನೂರಾ ಇಪ್ಪತ್ತೂವರೆ ದಿನಾರ್. ಒಂದು ಲಕ್ಷ ಇಪ್ಪತ್ತು ಸಾವಿರ ಅಂತ ಮನೆಯಲ್ಲಿ ಸಿಹಿ ಹಂಚಬೇಡಿ.

ಇನ್ನು ಹೆಸರು. ಅರಬ್ಬಿಯಲ್ಲಿ ನಮ್ಮ ‘ಪ’ ಇಲ್ಲ, ‘ಟ’ ‘ಡ’ ‘ಣ’ ‘ಳ’ ಇಲ್ಲ. ಶರಣಪ್ಪ ಅನ್ನೋ ಹೆಸರು ಅಲ್ಲಿ ಶರನಬ್ಬ ಆಗುತ್ತೆ. ತಂಗಡಗಿಯ ‘ಗ’ ಬರೆಯೋಕೆ ಒಬ್ಬೊಬ್ಬರು ಒಂದೊಂದು ಅಕ್ಷರ ಬಳಸ್ತಾರೆ. ಅಪ್ಪನ ಹೆಸರು, ಅಡ್ಡಹೆಸರು ಸೇರಿದರೆ ಇನ್ನೂ ಗೊಂದಲ. ಇದಕ್ಕೆ ಕನ್ನಡ ಉಚ್ಚಾರದಿಂದ ಹೋಗಬೇಡಿ. ಪಾಸ್‌ಪೋರ್ಟ್‌ನಲ್ಲಿ ಇಂಗ್ಲಿಷ್‌ನಲ್ಲಿ ಹೇಗಿದೆಯೋ ಹಾಗೇ, ಅದೇ ಕ್ರಮದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಹೆಸರನ್ನೂ ಪಾಸ್‌ಪೋರ್ಟ್ ನಂಬರನ್ನೂ ಹಾಕಿ. ವೀಸಾದಲ್ಲಿ ಅರಬ್ಬಿ ಹೆಸರು ಬಂದಿದ್ದರೆ ಅದನ್ನೇ ಅಕ್ಷರ ಬಿಡದೆ ಇಳಿಸಿ. ಸರಿ ಉಚ್ಚಾರ ಅಲ್ಲಿ ಮುಖ್ಯ ಅಲ್ಲ, ಎಲ್ಲ ಕಾಗದದಲ್ಲಿ ಒಂದೇ ಇರೋದು ಮುಖ್ಯ.

ಎಲ್ಲ ತಿದ್ದಿ ಹೊಸ ಅರಬ್ಬಿ ಪ್ರತಿ ಆದ ಮೇಲೆ ಅದನ್ನ ಅರಬ್ಬಿ ಗೊತ್ತಿರೋ ಇನ್ನೊಬ್ಬರಿಗೆ ಕಳಿಸಿದೆವು. ಇಂಗ್ಲಿಷ್ ಲೆಟರ್ ತೋರಿಸಲಿಲ್ಲ. ‘ಇದರಾಗ ಏನೈತಿ, ಕನ್ನಡದಾಗ ಹೇಳ್ರಿ’ ಅಂತ ಕೇಳಿದ್ದಷ್ಟೇ. ಅವರು ವಾಯ್ಸ್ ಮೆಸೇಜ್‌ನಲ್ಲಿ ಹೇಳಿದ್ದನ್ನ ನೋಟ್‌ಬುಕ್ ಸಾಲುಗಳ ಜತೆ ತಾಳೆ ಹಾಕಿದೆವು. ಗೌಂಡಿ ಅಂದರು, ಬಿಗಾರಿ ಅನ್ನಲಿಲ್ಲ. ಎಂಟು ಗಂಟೆ, ಮೇಲೆ ಎರಡು ಗಂಟೆ ಅಂದರು. ತಪ್ಪು ಹಿಡಿಯೋಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಮೂಲ ನೋಡಿದವರು ತಮಗೆ ಗೊತ್ತಿರೋದನ್ನೇ ಓದಿಬಿಡ್ತಾರೆ. ನೋಡದವರು ಬರೆದದ್ದನ್ನ ಮಾತ್ರ ಓದ್ತಾರೆ.

ಈ ಕಾಗದದ ಮಿತಿಯನ್ನೂ ಹೇಳಬೇಕು. ನಾವು ಮಾಡಿದ ಅರಬ್ಬಿಗೆ ಅಲ್ಲಿನ ಕೋರ್ಟಿನಲ್ಲಿ ಅನುವಾದ ಅಂತ ಬೆಲೆ ಇಲ್ಲ. ಅದಕ್ಕೆ ಅಲ್ಲಿ ಪರವಾನಗಿ ಇರೋ ಅನುವಾದ ಕಚೇರಿಯ ಸೀಲೇ ಬೇಕು. ನಮ್ಮದು ಕಂಪನಿಯ ಬಾಯಿಂದ ಉತ್ತರ ಬರೆಸಿಕೊಳ್ಳೋಕೆ. ಅವರು ಅದರ ಮೇಲೆ ಸಹಿ, ಸೀಲು ಹಾಕಿದರೆ ಅದು ಅವರ ಮಾತಾಗುತ್ತೆ. ಇನ್ನು ಲೆಟರೇ ಸುಳ್ಳಾದರೆ ಎಷ್ಟು ಚೆಂದದ ಅರಬ್ಬಿ ಮಾಡಿದರೂ ಉಪಯೋಗ ಇಲ್ಲ. ಏಜೆಂಟ್ ನೋಂದಣಿ ಆಗಿದ್ದಾನಾ ಅಂತ emigrate.gov.in ನಲ್ಲಿ ಮೊದಲೇ ನೋಡಿ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇರೋರಿಗೆ ಸೌದಿಗೆ ಕೆಲಸಕ್ಕೆ ಹೋಗೋಕೆ ವಲಸೆ ಅನುಮತಿಯೂ ಇದೇ ವ್ಯವಸ್ಥೆಯಿಂದ ಬೇಕು. ವಿಸಿಟ್ ವೀಸಾದಲ್ಲಿ ಬಾ, ಅಲ್ಲಿ ಬಂದ ಮೇಲೆ ನೋಡೋಣ ಅಂದರೆ ಅಲ್ಲಿಗೆ ನಿಲ್ಲಿಸಿ.

ತಂಗಡಗಿ ಹುಡುಗನಿಗೆ ಎಂಟು ದಿನಕ್ಕೆ ಉತ್ತರ ಬಂತು. ಫೋರ್‌ಮನ್ ಕಳಿಸಿದ್ದು, ಈ ಸಲ ಡಾಕ್ಯುಮೆಂಟ್ ಆಗಿಯೇ. ‘ಬನ್ನಾ’ ಮೇಲೆ ಶದ್ದಾ ಹಾಗೇ ಇತ್ತು. ಊಟದ ಖಾಲಿ ಜಾಗದಲ್ಲಿ ಯಾರೋ ಕೈಯಿಂದ ‘ಬದಲ್ ತಆಮ್ 300’ ಅಂತ ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದರು. ಓವರ್‌ಟೈಮ್ ಸಾಲಿನಲ್ಲಿ ಮಾತ್ರ ‘ಕೆಲಸ ಇದ್ದಾಗ’ ಅಂತ ಎರಡು ಪದ ಸೇರಿಸಿದ್ದರು. ಅಂದ್ರೆ 390 ಪ್ರತಿ ತಿಂಗಳೂ ಸಿಗುತ್ತೆ ಅಂತ ಲೆಕ್ಕ ಹಿಡಿಯೋ ಹಾಗಿಲ್ಲ, ಎರಡು ಗಂಟೆ ದುಡಿದ ದಿನಕ್ಕೆ ಮಾತ್ರ. ಅದನ್ನ ಅವನಿಗೆ ಹೇಳಿದೆ. 1500ರ ಮೇಲೆ ಸಾಲದ ಕಂತು ಹಾಕಿ ನೋಡ್ಕೊ, ಓವರ್‌ಟೈಮ್ ನಂಬಿ ಹಾಕಬೇಡ ಅಂದೆ. ಅವನು ಅವ್ವನ ಹತ್ತಿರ, ಅಣ್ಣನ ಹತ್ತಿರ ಕೂತು ಲೆಕ್ಕ ಮಾಡಿ ಹೂಂ ಅಂದಿದ್ದಾನೆ.

ಅಲ್ಲಿಗೆ ಹೋಗಿ ಇಕಾಮಾ ಆದ ಮೇಲೆ ಕಿವಾ ಅನ್ನೋ ಸರ್ಕಾರಿ ಆನ್‌ಲೈನ್ ವೇದಿಕೆಯಲ್ಲಿ ಕಂಪನಿ ಕರಾರು ಹಾಕುತ್ತೆ. ಅದನ್ನ ಒಪ್ಪಬಹುದು, ಬೇಡ ಅನ್ನಬಹುದು, ಬದಲಾವಣೆ ಕೇಳಬಹುದು. ಒಪ್ಪಿಗೆ ಒತ್ತೋ ಮುಂಚೆ ಹುದ್ದೆ, ಮೂಲ ಸಂಬಳ, ಊಟದ ಭತ್ಯೆ, ಗಂಟೆ, ಈ ನಾಲ್ಕನ್ನ ಸೀಲು ಬಿದ್ದ ಪ್ರತಿ ಜತೆ ಇಟ್ಟು ನೋಡು ಅಂತ ಹೇಳಿದ್ದೀನಿ. ಆ ಪ್ರತಿಯನ್ನ ಅವನು ತನ್ನ ಫೋನ್‌ನಲ್ಲಿ ಇಟ್ಟುಕೊಂಡಿದ್ದಾನೆ, ತಂಗಡಗಿಯಲ್ಲಿ ಅಣ್ಣನ ಫೋನ್‌ನಲ್ಲೂ ಒಂದಿದೆ, ನೋಟ್‌ಬುಕ್ ಹಾಳೆ ನನ್ನ ಹತ್ತಿರ ಇದೆ.